ರೋಗಪತ್ತೆ ಪರೀಕ್ಷೆಯ ಸಂವೇದನಶೀಲತೆ, ನಿರ್ದಿಷ್ಟತೆಗಳ ಅಂದಾಜಿಗೆ ಬೇಕಾದ ಮಾದರಿ ಗಾತ್ರ

ಹೊಸ ರೋಗಪತ್ತೆ ಪರೀಕ್ಷೆಯೊಂದನ್ನು ಎಷ್ಟು ಜನರ ಮೇಲೆ ಪರಿಶೀಲಿಸಿದರೆ ಅದರ ಗುಣದ ಅಂದಾಜು ಬೇಕಾದಷ್ಟು ನಿಖರವಾಗಿ ಸಿಗುತ್ತದೆ ಎಂಬುದನ್ನು ಅಧ್ಯಯನಕ್ಕೆ ಮುನ್ನವೇ ಲೆಕ್ಕಹಾಕುವ ಸಂಖ್ಯಾಶಾಸ್ತ್ರದ ವಿಧಾನ. ರೋಗ ಇರುವವರಲ್ಲಿ ಎಷ್ಟು ಪಾಲು ಜನರನ್ನು ಪರೀಕ್ಷೆ ಪತ್ತೆಹಚ್ಚುತ್ತದೆಯೋ ಅದು ಸಂವೇದನಶೀಲತೆ. ರೋಗ ಇಲ್ಲದವರಲ್ಲಿ ಎಷ್ಟು ಪಾಲು ಜನರಿಗೆ ಪರೀಕ್ಷೆ ಸರಿಯಾಗಿಯೇ ‘ಇಲ್ಲ’ ಎನ್ನುತ್ತದೆಯೋ ಅದು ನಿರ್ದಿಷ್ಟತೆ. ಅಮೆರಿಕದ ಜೇಕಬ್ ಯೆರುಶಲ್ಮಿ ಎದೆಯ ಎಕ್ಸ್‌-ರೇ ಓದುವುದರಲ್ಲಿ ಆಗುವ ತಪ್ಪುಗಳ ಬಗ್ಗೆ 1947ರಲ್ಲಿ ಪ್ರಕಟಿಸಿದ ಲೇಖನದ ಬಳಿಕ ಈ ಎರಡು ಅಳತೆಗಳು ವೈದ್ಯವಿಜ್ಞಾನದಲ್ಲಿ ನೆಲೆಯೂರಿದವು. ರೋಗ ನಿಜಕ್ಕೂ ಇದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಲು ಹೆಚ್ಚು ನಂಬಲರ್ಹವಾದ ಇನ್ನೊಂದು ಪರೀಕ್ಷೆ ಬೇಕು. ಇಲ್ಲಿ ಅದನ್ನು ಮಾನಕ ಪರೀಕ್ಷೆ ಎನ್ನಲಾಗಿದೆ. ಕ್ಷಯಕ್ಕೆ ಆ ಮಾನಕ ಕಫದ ಕಲ್ಚರ್.

ಈ ಎರಡು ಅಳತೆಗಳಿಗೆ ಛೇದ ಬೇರೆ ಬೇರೆ. ಸಂವೇದನಶೀಲತೆಯ ಲೆಕ್ಕಕ್ಕೆ ರೋಗ ಇರುವವರು ಮಾತ್ರ ಬರುತ್ತಾರೆ, ನಿರ್ದಿಷ್ಟತೆಯ ಲೆಕ್ಕಕ್ಕೆ ಇಲ್ಲದವರು ಮಾತ್ರ. ಹಾಗಾಗಿ ‘ಅಧ್ಯಯನದಲ್ಲಿ ಒಟ್ಟು ಸಾವಿರ ಜನರಿದ್ದರು’ ಎಂಬ ಮಾತಿನಿಂದ ಸಂವೇದನಶೀಲತೆಯ ನಿಖರತೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಆ ಸಾವಿರದಲ್ಲಿ ರೋಗಿಗಳು ಐವತ್ತೇ ಇದ್ದರೆ, ಸಂವೇದನಶೀಲತೆಯ ಮಟ್ಟಿಗೆ ಅದು ಐವತ್ತು ಜನರ ಅಧ್ಯಯನ. ಮಾದರಿ ಗಾತ್ರದ ಲೆಕ್ಕದಲ್ಲಿ ಆಗುವ ಹಲವು ತಪ್ಪುಗಳು ಈ ಒಂದು ಸಂಗತಿಯನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

ಒಂದು ನಿಜ ಉದಾಹರಣೆ

ನಮ್ಮ ಆಸ್ಪತ್ರೆಗಳಲ್ಲಿ ‘ಸಿಬಿನಾಟ್’ ಎಂದು ಕರೆಯುವ ಎಕ್ಸ್‌ಪರ್ಟ್ ಪರೀಕ್ಷೆ ಕಫದಲ್ಲಿ ಕ್ಷಯಾಣುವಿನ ಡಿಎನ್‌ಎಯನ್ನು ಹುಡುಕುತ್ತದೆ. ಇದರ ಮೊದಲ ದೊಡ್ಡ ಪರಿಶೀಲನೆಯನ್ನು ಕ್ಯಾಥರೀನಾ ಬೋಮೆ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಪೆರುವಿನ ಲಿಮಾ, ಅಜರ್‌ಬೈಜಾನಿನ ಬಾಕು, ದಕ್ಷಿಣ ಆಫ್ರಿಕದ ಕೇಪ್‌ಟೌನ್ ಮತ್ತು ಡರ್ಬನ್, ಭಾರತದ ಮುಂಬೈ ನಗರಗಳಲ್ಲಿ ಕ್ಷಯದ ಶಂಕೆಯಿದ್ದ 1730 ಜನ ಅದರಲ್ಲಿ ಭಾಗವಹಿಸಿದ್ದರು. ಕಲ್ಚರ್‌ನಲ್ಲಿ ಕ್ಷಯ ದೃಢಪಟ್ಟವರ ಪೈಕಿ, ಕಫದ ಸ್ಮಿಯರ್‌ನಲ್ಲೂ ರೋಗಾಣು ಕಂಡಿದ್ದವರು 561 ಜನ. ಅವರಲ್ಲಿ 551 ಮಂದಿಯನ್ನು, ಅಂದರೆ ಶೇ. 98.2ರಷ್ಟು ಜನರನ್ನು, ಒಂದೇ ಬಾರಿಯ ಎಕ್ಸ್‌ಪರ್ಟ್ ಪರೀಕ್ಷೆ ಪತ್ತೆಹಚ್ಚಿತು. ಸ್ಮಿಯರ್‌ನಲ್ಲಿ ಏನೂ ಕಾಣದೆ ಕಲ್ಚರ್‌ನಲ್ಲಿ ಮಾತ್ರ ರೋಗ ದೃಢಪಟ್ಟ 171 ಜನರಲ್ಲಿ ಅದು ಹಿಡಿದದ್ದು 124 ಮಂದಿಯನ್ನು, ಅಂದರೆ ಶೇ. 72.5. ಕ್ಷಯ ಇಲ್ಲದ 609 ಜನರಲ್ಲಿ 604 ಮಂದಿಗೆ ಪರೀಕ್ಷೆ ಸರಿಯಾಗಿ ‘ಇಲ್ಲ’ ಎಂದಿತು, ನಿರ್ದಿಷ್ಟತೆ ಶೇ. 99.2.

ಈ ಶೇಕಡಾವಾರುಗಳು ಅಧ್ಯಯನದಲ್ಲಿ ಸಿಕ್ಕ ಜನರಿಗೆ ಸಂಬಂಧಿಸಿದವು. ಅದೇ ಬಗೆಯ ಬೇರೆ 171 ಜನ ಸಿಕ್ಕಿದ್ದರೆ 124ರ ಬದಲು 118 ಆಗಬಹುದಿತ್ತು, 130 ಆಗಬಹುದಿತ್ತು. ಆಕಸ್ಮಿಕದ ಈ ಏರಿಳಿತವನ್ನು ಹೇಳುವುದು ಶೇ. 95ರ ವಿಶ್ವಾಸ ವ್ಯಾಪ್ತಿ. ಅದೇ ಅಧ್ಯಯನವನ್ನು ಮತ್ತೆ ಮತ್ತೆ ಮಾಡಿ ಪ್ರತಿ ಬಾರಿಯೂ ಇಂಥ ವ್ಯಾಪ್ತಿಯನ್ನು ಕಟ್ಟಿದರೆ, ನೂರರಲ್ಲಿ ಸುಮಾರು 95 ಬಾರಿ ನಿಜ ಮೌಲ್ಯ ಅದರೊಳಗೆ ಇರುತ್ತದೆ. 171ರಲ್ಲಿ 124 ಎಂಬುದರ ವ್ಯಾಪ್ತಿ ಸುಮಾರು ಶೇ. 65ರಿಂದ 79. 561ರಲ್ಲಿ 551 ಎಂಬುದರ ವ್ಯಾಪ್ತಿ ಶೇ. 97ರಿಂದ 99. ಮೊದಲನೆಯದರಲ್ಲಿ ಜನ ಕಡಿಮೆ, ಜೊತೆಗೆ ಪ್ರಮಾಣವೂ ನಡುಮಧ್ಯಕ್ಕೆ ಹತ್ತಿರ. ಈ ಎರಡು ಕಾರಣಗಳಿಂದ ಅದರ ವ್ಯಾಪ್ತಿ ಅಷ್ಟು ಅಗಲ.

ಮಾದರಿ ಗಾತ್ರದ ಲೆಕ್ಕ ಇದನ್ನೇ ತಿರುವಿ ಕೇಳುತ್ತದೆ: ವ್ಯಾಪ್ತಿ ಇಷ್ಟೇ ಅಗಲ ಇರಬೇಕಾದರೆ ಎಷ್ಟು ರೋಗಿಗಳು ಬೇಕು?

ಮೂಲ ಸೂತ್ರ

```
n = z² × p × (1 − p) / d²
```

ಇಲ್ಲಿ `p` ಎಂದರೆ ನಿರೀಕ್ಷಿತ ಸಂವೇದನಶೀಲತೆ, `d` ಎಂದರೆ ಅಂದಾಜಿನ ಎರಡೂ ಬದಿಗೆ ನಾವು ಒಪ್ಪುವ ಅಂತರ. ಶೇ. 95ರ ವಿಶ್ವಾಸಕ್ಕೆ `z` 1.96 ಆಗಿರುತ್ತದೆ, ಅದರ ವರ್ಗ 3.84. ಉತ್ತರವಾಗಿ ಬರುವ `n` ರೋಗ ಇರುವವರ ಸಂಖ್ಯೆಯೇ ಹೊರತು ಅಧ್ಯಯನಕ್ಕೆ ಸೇರಿಸಬೇಕಾದ ಒಟ್ಟು ಜನರ ಸಂಖ್ಯೆಯಲ್ಲ. ನಿರ್ದಿಷ್ಟತೆಗೂ ಇದೇ ಸೂತ್ರ. ಆಗ `n` ರೋಗ ಇಲ್ಲದವರ ಸಂಖ್ಯೆ.

ಕ್ಷಯ ಇದೆಯೋ ಇಲ್ಲವೋ ಎಂದು ತಿಳಿಯದೆ ಆಸ್ಪತ್ರೆಗೆ ಬರುವವರನ್ನು ಬಂದ ಹಾಗೆ ಸೇರಿಸಿಕೊಳ್ಳುವ ಅಧ್ಯಯನದಲ್ಲಿ, ಇಂತಿಷ್ಟು ರೋಗಿಗಳು ಸಿಗಲು ಒಟ್ಟು ಎಷ್ಟು ಜನ ಬೇಕು ಎಂಬುದು ಎರಡನೆಯ ಹೆಜ್ಜೆ. ನ್ಯಾನ್ಸಿ ಬುಡರರ್ 1996ರಲ್ಲಿ ಪ್ರಕಟಿಸಿದ ಲೇಖನ ಈ ಹೆಜ್ಜೆಯನ್ನು ಬಳಕೆಗೆ ತಂದಿತು. ಬರುವವರಲ್ಲಿ ರೋಗಿಗಳ ಪಾಲು `P` ಆದರೆ:

```
N(ಸಂವೇದನಶೀಲತೆ) = n / P
N(ನಿರ್ದಿಷ್ಟತೆ)  = n / (1 − P)
```

ಎರಡರಲ್ಲಿ ದೊಡ್ಡ ಸಂಖ್ಯೆಯನ್ನೇ ಆರಿಸಿಕೊಳ್ಳಬೇಕು. ಭಾರತದಲ್ಲಿ ರಾಜೀವ್ ಕುಮಾರ್ ಮಲ್ಹೋತ್ರಾ ಮತ್ತು ಎ. ಇಂದ್ರಾಯನ್ 2010ರಲ್ಲಿ ಇದೇ ಲೆಕ್ಕವನ್ನು ಅಡಿಪಟ್ಟಿಯಿಟ್ಟು ಓದಿಕೊಳ್ಳುವಂಥ ನೊಮೊಗ್ರಾಮ್ ರೂಪದಲ್ಲಿ ಕೊಟ್ಟರು.

ಲೆಕ್ಕವನ್ನು ಮಾಡಿ ನೋಡೋಣ. ಸ್ಮಿಯರ್ ನೆಗೆಟಿವ್ ಬಂದಿದ್ದರೂ ಕ್ಷಯದ ಶಂಕೆ ಉಳಿದಿರುವವರಲ್ಲಿ ಹೊಸ ಪರೀಕ್ಷೆಯೊಂದನ್ನು ಪರಿಶೀಲಿಸಬೇಕಿದೆ ಎಂದುಕೊಳ್ಳಿ. ಹಿಂದಿನ ಅನುಭವದಿಂದ ಸಂವೇದನಶೀಲತೆ ಶೇ. 72 ಎಂದು ನಿರೀಕ್ಷೆ, ಒಪ್ಪುವ ಅಂತರ ಎರಡೂ ಬದಿಗೆ 5 ಅಂಶ. ಸೂತ್ರಕ್ಕೆ ಹಾಕಿದರೆ 3.84 × 0.72 × 0.28 ÷ 0.0025, ಅಂದರೆ 310 ರೋಗಿಗಳು. ಇಂಥ ಶಂಕಿತರಲ್ಲಿ ಶೇ. 12 ಜನರಿಗೆ ಕಲ್ಚರ್‌ನಲ್ಲಿ ಕ್ಷಯ ದೃಢಪಡುತ್ತದೆ ಎಂದಾದರೆ ಒಟ್ಟು 2584 ಜನರನ್ನು ಸೇರಿಸಿಕೊಳ್ಳಬೇಕು. ನಿರ್ದಿಷ್ಟತೆ ಶೇ. 98 ಎಂದೂ ಅಂತರ 2 ಅಂಶ ಎಂದೂ ಇಟ್ಟುಕೊಂಡರೆ ಬೇಕಾಗುವುದು ರೋಗವಿಲ್ಲದ 189 ಜನ. ಅಷ್ಟು ಮಂದಿ ಸಿಗಲು ಒಟ್ಟು 215 ಜನ ಸಾಕು. ರೋಗ ವಿರಳವಾಗಿರುವಲ್ಲಿ ಖರ್ಚನ್ನು ನಿರ್ಧರಿಸುವುದು ಬಹುತೇಕ ಯಾವಾಗಲೂ ಸಂವೇದನಶೀಲತೆಯೇ.

2584 ಕಂಡು ಬೆಚ್ಚಿಬಿದ್ದವರು ಮೊದಲು ಸಡಿಲಿಸುವುದು ಅಂತರವನ್ನು. ಅಂತರ 5ರ ಬದಲು 7 ಅಂಶ ಎಂದರೆ 159 ರೋಗಿಗಳು, ಒಟ್ಟು 1325 ಜನ. 10 ಅಂಶ ಎಂದರೆ 78 ರೋಗಿಗಳು, ಒಟ್ಟು 650. `d` ಛೇದದಲ್ಲಿ ವರ್ಗವಾಗಿ ಕುಳಿತಿರುವುದರಿಂದ ಅಂತರ ಎರಡುಪಟ್ಟಾದರೆ ಜನ ಕಾಲುಭಾಗಕ್ಕೆ ಇಳಿಯುತ್ತಾರೆ. ಹೀಗೆ ಇಳಿಸುವುದು ತಪ್ಪಲ್ಲ, ಆದರೆ ಅಂತರವನ್ನು ಕೈಯಲ್ಲಿರುವ ಹಣಕ್ಕೆ ಹೊಂದಿಸುವ ಮೊದಲು ಅದರ ಪರಿಣಾಮವನ್ನು ಬರೆದು ನೋಡಬೇಕು. 10 ಅಂಶ ಎಂದರೆ ವ್ಯಾಪ್ತಿ ಶೇ. 62ರಿಂದ 82. ನೂರು ರೋಗಿಗಳಲ್ಲಿ 38 ಮಂದಿ ಕೈತಪ್ಪುವ ಪರೀಕ್ಷೆಗೂ 18 ಮಂದಿ ಕೈತಪ್ಪುವ ಪರೀಕ್ಷೆಗೂ ವೈದ್ಯರ ನಡೆ ಒಂದೇ ಆಗಿರುತ್ತದೆಯೇ? ನೆಗೆಟಿವ್ ಬಂದವರನ್ನು ಮನೆಗೆ ಕಳಿಸುವುದೋ ಕಲ್ಚರ್‌ಗೆ ಕಾಯುವುದೋ ಎಂಬ ತೀರ್ಮಾನ ಆ ಎರಡು ತುದಿಗಳಲ್ಲಿ ಬೇರೆಯಾಗುವುದಾದರೆ ಅಷ್ಟು ಅಗಲದ ಅಂದಾಜಿನಿಂದ ಪ್ರಯೋಜನವಿಲ್ಲ. ನಿರ್ದಿಷ್ಟತೆಯ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಶೇ. 12 ರೋಗಿಗಳಿರುವ ಸಾವಿರ ಶಂಕಿತರಲ್ಲಿ ನಿರ್ದಿಷ್ಟತೆ ಶೇ. 98 ಇದ್ದರೆ ಸುಮಾರು 18 ಜನರಿಗೆ ಇಲ್ಲದ ಕ್ಷಯದ ಹಣೆಪಟ್ಟಿ ಅಂಟುತ್ತದೆ, ಶೇ. 96 ಇದ್ದರೆ 35 ಜನರಿಗೆ. ಎರಡೇ ಅಂಶದ ವ್ಯತ್ಯಾಸಕ್ಕೆ ತಪ್ಪು ಔಷಧಿ ನುಂಗುವವರ ಸಂಖ್ಯೆ ಇಮ್ಮಡಿಯಾಗುತ್ತದೆ.

ಯಾವ ಗುಂಪಿನ ರೋಗಿಗಳು

ಬೋಮೆ ಅಧ್ಯಯನದ ಎರಡೂ ಗುಂಪುಗಳನ್ನು ಕೂಡಿಸಿದರೆ 732 ರೋಗಿಗಳಲ್ಲಿ 675 ಮಂದಿ ಪತ್ತೆಯಾಗಿದ್ದಾರೆ: ಶೇ. 92.2. ಈ ಒಟ್ಟು ಅಂಕಿಯನ್ನೇ `p` ಎಂದು ತೆಗೆದುಕೊಂಡು 5 ಅಂಶದ ಅಂತರಕ್ಕೆ ಲೆಕ್ಕಹಾಕಿದರೆ 111 ರೋಗಿಗಳು ಸಾಕು ಎಂಬ ಉತ್ತರ ಬರುತ್ತದೆ. ಸೂತ್ರದ ಪ್ರಕಾರ ಇದು ಸರಿ, ಪ್ರಶ್ನೆಯ ಪ್ರಕಾರ ತಪ್ಪು. ಆ 111ರಲ್ಲಿ ಅದೇ ಅನುಪಾತದಲ್ಲಿ ಸ್ಮಿಯರ್ ನೆಗೆಟಿವ್ ರೋಗಿಗಳು ಬರುವುದು 26 ಜನ ಮಾತ್ರ. 26 ಜನರಿಂದ ಶೇ. 72ರ ಅಂದಾಜು ಮಾಡಿದರೆ ಎರಡೂ ಬದಿಗೆ 17 ಅಂಶದ ಅನಿಶ್ಚಿತತೆ. ಸ್ಮಿಯರ್‌ನಲ್ಲಿ ಕಾಣುವ ಕ್ಷಯವನ್ನು ಸೂಕ್ಷ್ಮದರ್ಶಕವೇ ಕಂಡುಹಿಡಿಯುತ್ತದೆ. ದುಬಾರಿ ಪರೀಕ್ಷೆ ಬೇಕಿರುವುದು ಅದು ಕಾಣದ ಕಡೆ. ಅಲ್ಲಿಯ ಉತ್ತರವೇ ಮಸುಕಾಗಿದ್ದರೆ ಒಟ್ಟಾರೆ ಶೇ. 92 ಎಂಬುದು ಎಷ್ಟೇ ನಿಖರವಾಗಿದ್ದರೂ ಅದನ್ನು ಮುಖ್ಯ ಫಲಿತಾಂಶವಾಗಿ ಪ್ರಕಟಿಸುವುದು ಓದುಗರನ್ನು ದಾರಿತಪ್ಪಿಸುತ್ತದೆ. ಲೆಕ್ಕವನ್ನು ಮಾಡಬೇಕಾದದ್ದು ತೀರ್ಮಾನ ಯಾರ ಬಗ್ಗೆಯೋ ಆ ಗುಂಪಿಗೆ.

ಒಟ್ಟು ಅಂಕಿಗೆ ಇನ್ನೊಂದು ದೋಷವೂ ಇದೆ. ಸ್ಮಿಯರ್ ಪಾಸಿಟಿವ್ ರೋಗಿಗಳು ಹೆಚ್ಚಿರುವ ಆಸ್ಪತ್ರೆಯಲ್ಲಿ ಅದು ಏರುತ್ತದೆ, ರೋಗದ ಆರಂಭದಲ್ಲೇ ಜನ ಬರುವ ಆರೋಗ್ಯ ಕೇಂದ್ರದಲ್ಲಿ ಇಳಿಯುತ್ತದೆ. ಪರೀಕ್ಷೆ ಅದೇ ಆಗಿದ್ದರೂ.

ಹಣ ಉಳಿಸಲು, ಕ್ಷಯ ಎಂದು ಈಗಾಗಲೇ ಗೊತ್ತಿರುವ 310 ಜನರನ್ನೂ ಆರೋಗ್ಯವಂತರಾದ 189 ಜನರನ್ನೂ ಆರಿಸಿ ಪರೀಕ್ಷಿಸುವ ದಾರಿ ಒಂದಿದೆ. 2584ರ ಕೆಲಸ 499ರಲ್ಲಿ ಮುಗಿಯುತ್ತದೆ. ಆದರೆ ಹೀಗೆ ಆರಿಸಿದಾಗ ರೋಗ ಬಲಿತವರು ಒಂದು ಕಡೆ, ಕೆಮ್ಮೂ ಇಲ್ಲದವರು ಇನ್ನೊಂದು ಕಡೆ ಸೇರುತ್ತಾರೆ. ಗುರುತಿಸಲು ಕಷ್ಟವಾಗುವ ನಡುವಿನವರು ಹೊರಗುಳಿಯುತ್ತಾರೆ. ಈ ಅಪಾಯವನ್ನು ರ‍್ಯಾನ್ಸಹಾಫ್ ಮತ್ತು ಫೈನ್‌ಸ್ಟೈನ್ 1978ರಲ್ಲೇ ತೋರಿಸಿದ್ದರು. ಲೈಮರ್ ಮತ್ತು ಸಂಗಡಿಗರು 1999ರಲ್ಲಿ ಹಲವು ಅಧ್ಯಯನಗಳನ್ನು ಹೋಲಿಸಿದಾಗ, ಹೀಗೆ ಆರಿಸಿ ಮಾಡಿದವು ಪರೀಕ್ಷೆಯ ಒಟ್ಟಾರೆ ಸಾಮರ್ಥ್ಯವನ್ನು ಆಡ್ಸ್ ಅನುಪಾತದ ಅಳತೆಯಲ್ಲಿ ಸುಮಾರು ಮೂರುಪಟ್ಟು ಹಿಗ್ಗಿಸಿ ತೋರಿಸಿದ್ದು ಕಂಡುಬಂತು. ಪರೀಕ್ಷೆ ಕೆಲಸ ಮಾಡುತ್ತದೆಯೇ ಎಂದು ಮೊದಲ ಸುತ್ತಿನಲ್ಲಿ ನೋಡುವುದಕ್ಕೆ ಈ ದಾರಿ ಸಾಕು. ಬಳಕೆಗೆ ಶಿಫಾರಸು ಮಾಡುವ ಅಂಕಿಗೆ ಸಾಲದು.

ಸೂತ್ರ ಕೈಕೊಡುವ ಕಡೆ

ಮೇಲಿನ ಸೂತ್ರ ಅಂದಾಜಿನ ಸುತ್ತ ಎರಡೂ ಬದಿಗೆ ಸಮನಾದ ವ್ಯಾಪ್ತಿಯನ್ನು ಕಲ್ಪಿಸುತ್ತದೆ. ವಾಲ್ಡ್ ವ್ಯಾಪ್ತಿ ಎಂದು ಇದರ ಹೆಸರು. ಪ್ರಮಾಣ ನಡುಮಧ್ಯದಲ್ಲಿದ್ದಾಗ ಇದರಿಂದ ತೊಂದರೆಯಿಲ್ಲ. ಶೇ. 100ಕ್ಕೆ ಹತ್ತಿರವಾದಂತೆ ಇದು ಕುಸಿಯುತ್ತದೆ, ಮತ್ತು ಒಳ್ಳೆಯ ಪರೀಕ್ಷೆಗಳ ನಿರ್ದಿಷ್ಟತೆ ಇರುವುದೇ ಅಲ್ಲಿ.

ನಿರ್ದಿಷ್ಟತೆ ಶೇ. 99, ಅಂತರ 2 ಅಂಶ ಎಂದು ಸೂತ್ರಕ್ಕೆ ಹಾಕಿದರೆ ರೋಗವಿಲ್ಲದ 96 ಜನ ಸಾಕು ಎನ್ನುತ್ತದೆ. ಅಷ್ಟು ಜನರಲ್ಲಿ ಒಬ್ಬರಿಗೆ ತಪ್ಪು ಪಾಸಿಟಿವ್ ಬಂತು ಎಂದುಕೊಳ್ಳಿ. ವಾಲ್ಡ್ ಲೆಕ್ಕದ ವ್ಯಾಪ್ತಿ ಶೇ. 96.9ರಿಂದ 101. ನೂರಕ್ಕೆ ನೂರೊಂದು ಇರಲಾರದು. ಸೂತ್ರ ತನ್ನ ಎಲ್ಲೆ ಮೀರಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ವಿಧಾನದಲ್ಲಿ ಅದೇ 96ರಲ್ಲಿ 95ಕ್ಕೆ ವ್ಯಾಪ್ತಿ ಶೇ. 94.3ರಿಂದ 99.8. ಕೆಳಗಿನ ಮಿತಿ ಅಂದಾಜಿನಿಂದ ಸುಮಾರು 4.6 ಅಂಶ ದೂರದಲ್ಲಿದೆ, ಬಯಸಿದ್ದಕ್ಕಿಂತ ಇಮ್ಮಡಿಗೂ ಹೆಚ್ಚು. ಸಾವಿರ ಶಂಕಿತರ ಲೆಕ್ಕದಲ್ಲಿ ಜನರಿಗೆ ನೋವು ತರುವುದು ಆ ಕೆಳಗಿನ ಮಿತಿಯೇ, ಮೇಲಿನದಲ್ಲ.

ಆದ್ದರಿಂದ ಪ್ರಮಾಣ ಶೇ. 90ಕ್ಕಿಂತ ಮೇಲಿದ್ದಾಗ ಪ್ರಶ್ನೆಯನ್ನು ಬೇರೆ ರೀತಿ ಹಾಕಿಕೊಳ್ಳುವುದು ಒಳ್ಳೆಯದು: ಕೆಳಗಿನ ಮಿತಿ ಇಷ್ಟಕ್ಕಿಂತ ಕೆಳಗೆ ಹೋಗಬಾರದು ಎಂದರೆ ಎಷ್ಟು ಜನ ಬೇಕು? ಶೇ. 99ರ ನಿರ್ದಿಷ್ಟತೆಗೆ ಕೆಳಮಿತಿ ಶೇ. 97 ಇರಬೇಕಾದರೆ ರೋಗವಿಲ್ಲದ ಸುಮಾರು 300 ಜನ ಬೇಕಾಗುತ್ತಾರೆ. 300ರಲ್ಲಿ 3 ತಪ್ಪು ಬಂದರೆ ವಿಲ್ಸನ್ ವ್ಯಾಪ್ತಿ ಶೇ. 97.1ರಿಂದ 99.7. ಮೊದಲಿನ 96ಕ್ಕೆ ಇದು ಮೂರುಪಟ್ಟು. ಇದಕ್ಕೆ ಸಿದ್ಧ ಸೂತ್ರ ಹುಡುಕಬೇಕಿಲ್ಲ. ಬೇರೆ ಬೇರೆ ಸಂಖ್ಯೆಗಳಿಗೆ ವ್ಯಾಪ್ತಿ ಲೆಕ್ಕಹಾಕುತ್ತಾ ಹೋಗಿ, ಮಿತಿ ಈಡೇರಿದ ಕಡೆ ನಿಲ್ಲಿಸಿದರಾಯಿತು. ಅಂಕಿ-ಅಂಶದ ಉಚಿತ ತಂತ್ರಾಂಶ R ಇದ್ದರೆ ಹೀಗೆ:

```
prop.test(297, 300, correct = FALSE)$conf.int
```

ಫ್ಲಾಹೋ, ಕಾಡಿಲ್ಯಾಕ್ ಮತ್ತು ತೊಮಾ 2005ರಲ್ಲಿ ಕೊಟ್ಟ ಕೋಷ್ಟಕಗಳು ಇನ್ನೂ ಕಟ್ಟುನಿಟ್ಟು. ಅಂದಾಜು ನಿರೀಕ್ಷೆಯಷ್ಟೇ ಬರುತ್ತದೆ ಎಂದು ಅವು ನಂಬುವುದಿಲ್ಲ. ಆಕಸ್ಮಿಕ ಏರಿಳಿತವಿದ್ದರೂ ಕೆಳಮಿತಿ ಈಡೇರುವ ಸಂಭವ ಶೇ. 95 ಇರುವಷ್ಟು ಜನರನ್ನು ಕೇಳುತ್ತವೆ.

ಒಂದೂ ತಪ್ಪು ಬಾರದಿದ್ದಾಗ ಸುಲಭವಾದೊಂದು ಅಡ್ಡಲೆಕ್ಕವಿದೆ. 3ನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ತಪ್ಪಿನ ಪ್ರಮಾಣದ ಮೇಲಿನ ಮಿತಿ ಸಿಗುತ್ತದೆ. 30 ರೋಗಿಗಳಲ್ಲಿ 30ನ್ನೂ ಹಿಡಿದ ಪರೀಕ್ಷೆಯ ಸಂವೇದನಶೀಲತೆ ‘ಶೇ. 100’ ಎಂದು ಪೊಟ್ಟಣದ ಮೇಲೆ ಅಚ್ಚಾದರೂ, ಅಷ್ಟು ಪುರಾವೆಯಿಂದ ಧೈರ್ಯವಾಗಿ ಹೇಳಬಹುದಾದದ್ದು ಅದು ಸುಮಾರು ಶೇ. 90ಕ್ಕಿಂತ ಕಡಿಮೆಯಲ್ಲ ಎಂದಷ್ಟೇ.

ಊಹೆಗಳು ಸುಳ್ಳಾದಾಗ

ಲೆಕ್ಕಕ್ಕೆ ಮೊದಲೇ ಬೇಕಾದ ಎರಡು ಅಂಕಿಗಳು, `p` ಮತ್ತು `P`, ಎರಡೂ ಊಹೆ. ಇವುಗಳಲ್ಲಿ `p` ತಪ್ಪಿದರೆ ಹಾನಿ ಕಡಿಮೆ. ಶೇ. 72 ಎಂದುಕೊಂಡದ್ದು ಶೇ. 46 ಆದರೂ 310 ರೋಗಿಗಳಿಂದ ಸಿಗುವ ಅಂತರ 5ರ ಬದಲು 5.5 ಅಂಶವಾಗುತ್ತದೆ, ಅಷ್ಟೇ. ಏನೂ ತಿಳಿಯದಿದ್ದರೆ `p` 0.5 ಎಂದಿಟ್ಟುಕೊಂಡರೆ 385 ರೋಗಿಗಳು. 5 ಅಂಶದ ಅಂತರಕ್ಕೆ ಇದಕ್ಕಿಂತ ಹೆಚ್ಚು ಎಂದೂ ಬೇಕಾಗದು.

`P` ತಪ್ಪಿದರೆ ಹಾನಿ ದೊಡ್ಡದು. ರೋಗಿಗಳ ಪಾಲು ಶೇ. 12ರ ಬದಲು 8 ಆಗಿಬಿಟ್ಟರೆ 2584 ಜನರಲ್ಲಿ ಸಿಗುವ ರೋಗಿಗಳು 207, ಅಂತರ 6.1 ಅಂಶ. ಪಾಲು ಸರಿಯಾಗಿ ಶೇ. 12 ಇದ್ದರೂ 310 ಎಂಬುದು ಸರಾಸರಿ ಮಾತ್ರ. ಇಂಥ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದಕ್ಕಿಂತ ಕಡಿಮೆ ರೋಗಿಗಳು ಸಿಗುತ್ತಾರೆ. 310 ಸಿಕ್ಕೇ ಸಿಗುವ ಸಂಭವ ಶೇ. 95 ಇರಬೇಕೆಂದರೆ ಸುಮಾರು 2820 ಜನ ಬೇಕು. ಕಲ್ಚರ್ ಕೆಟ್ಟುಹೋಗುವುದು, ಕಫ ಸಾಲದಿರುವುದು, ಯಂತ್ರ ಉತ್ತರ ಕೊಡದಿರುವುದು ಇವೆಲ್ಲ ಬೇರೆ. ನೂರಕ್ಕೆ ಹತ್ತು ಮಾದರಿ ಹೀಗೆ ಹಾಳಾದೀತು ಎನ್ನುವುದಾದರೆ ಸಂಖ್ಯೆಯನ್ನು 0.9ರಿಂದ ಭಾಗಿಸಬೇಕು.

ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಒಟ್ಟು ಜನರನ್ನು ಎಣಿಸುವುದರ ಬದಲು ದೃಢಪಟ್ಟ ರೋಗಿಗಳನ್ನು ಎಣಿಸುತ್ತಾ ಹೋಗಿ, 310 ತುಂಬಿದಾಗ ನಿಲ್ಲಿಸುವುದು. ಕಲ್ಚರ್ ಉತ್ತರಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಎಣಿಕೆ ಸದಾ ಹಿಂದುಳಿದಿರುತ್ತದೆ, ಅದನ್ನು ಗಮನದಲ್ಲಿಡಬೇಕು. ಎಣಿಸುವವರ ಕಣ್ಣಿಗೆ ಹೊಸ ಪರೀಕ್ಷೆಯ ಫಲಿತಾಂಶ ಬೀಳಬಾರದು. ಸಂವೇದನಶೀಲತೆ ಚೆನ್ನಾಗಿ ಕಂಡ ದಿನ ಅಧ್ಯಯನ ನಿಲ್ಲಿಸಿದರೆ ಅಂದಾಜು ಹಿಗ್ಗುವುದು ಖಂಡಿತ.

ಒಬ್ಬ ರೋಗಿಯಿಂದ ಮೂರು ಮಾದರಿ ತೆಗೆದು ಮೂವರು ರೋಗಿಗಳೆಂದು ಎಣಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಒಬ್ಬರ ಕಫದ ಮೂರು ಮಾದರಿಗಳು ಒಂದನ್ನೊಂದು ಹೋಲುತ್ತವೆ; ಹೊಸ ಮಾಹಿತಿ ಮೂರುಪಟ್ಟಾಗುವುದಿಲ್ಲ. ಬೋಮೆ ಅಧ್ಯಯನದಲ್ಲಿ ಮೂರು ಪರೀಕ್ಷೆಗಳನ್ನು ಒಟ್ಟಾಗಿ ಪರಿಗಣಿಸಿದಾಗ ಸ್ಮಿಯರ್ ನೆಗೆಟಿವ್ ರೋಗಿಗಳಲ್ಲಿ ಸಂವೇದನಶೀಲತೆ ಶೇ. 90.2ಕ್ಕೆ ಏರಿತು. ಆದರೆ ಅದು ‘ಮೂರು ಬಾರಿ ಪರೀಕ್ಷಿಸುವ ಕ್ರಮ’ದ ಗುಣ, ಛೇದ ಆಗಲೂ 171 ಜನರೇ.

ಈ ಇಡೀ ಲೆಕ್ಕ ಹೇಳುವುದು ಆಕಸ್ಮಿಕವನ್ನು ಮಾತ್ರ. ಸೂಸನ್ ಡಾರ್ಮನ್ ಮತ್ತು ಸಂಗಡಿಗರು 8 ದೇಶಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಮಿಯರ್ ನೆಗೆಟಿವ್ ಆಗಿ ಕಲ್ಚರ್ ಪಾಸಿಟಿವ್ ಆಗಿದ್ದ 137 ಜನರಲ್ಲಿ ಅದೇ ಎಕ್ಸ್‌ಪರ್ಟ್ ಪರೀಕ್ಷೆಯ ಸಂವೇದನಶೀಲತೆ ಶೇ. 46 ಬಂತು. 2010ರ ವ್ಯಾಪ್ತಿ ಶೇ. 65ರಿಂದ 79 ಆಗಿತ್ತು. 46 ಅದರ ಹತ್ತಿರಕ್ಕೂ ಬರುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕದಿಂದ ಆಗುವಂಥದ್ದಲ್ಲ. ರೋಗಿಗಳ ಕಫದಲ್ಲಿನ ರೋಗಾಣುಗಳ ಸಾಂದ್ರತೆ, ಅವರನ್ನು ಆರಿಸಿದ ರೀತಿ, ಎಷ್ಟು ಕಲ್ಚರ್ ಮಾಡಿ ರೋಗವನ್ನು ದೃಢಪಡಿಸಿದರು ಎಂಬಂಥವು ಬದಲಾದರೆ ಸಂವೇದನಶೀಲತೆಯೇ ಬದಲಾಗುತ್ತದೆ. 2010ರಲ್ಲಿ 171ರ ಬದಲು 1710 ರೋಗಿಗಳಿದ್ದರೂ ವ್ಯಾಪ್ತಿ ಕಿರಿದಾಗುತ್ತಿತ್ತೇ ಹೊರತು ಬೇರೆ ಕಡೆಯ ಈ 46ನ್ನು ಮುಂದಾಗಿ ಹೇಳುತ್ತಿರಲಿಲ್ಲ. ಹೆಚ್ಚು ಜನರನ್ನು ಸೇರಿಸುವುದಕ್ಕೂ ಹೆಚ್ಚು ಬಗೆಯ ಸ್ಥಳಗಳಿಂದ ಸೇರಿಸುವುದಕ್ಕೂ ನಡುವೆ ಆಯ್ಕೆ ಬಂದರೆ, ಒಂದು ಮಟ್ಟದ ಸಂಖ್ಯೆ ತುಂಬಿದ ಮೇಲೆ ಎರಡನೆಯದೇ ಮೇಲು.

ಆಚರಣೆ

ಬಾಖ್‌ಮನ್ ಮತ್ತು ಸಂಗಡಿಗರು 2002ರಲ್ಲಿ ಎಂಟು ಪ್ರಮುಖ ವೈದ್ಯಕೀಯ ನಿಯತಕಾಲಿಕಗಳಲ್ಲಿ ಬಂದ ಇಂಥ 43 ಅಧ್ಯಯನಗಳನ್ನು ಪರಿಶೀಲಿಸಿ 2006ರಲ್ಲಿ ವರದಿ ಮಾಡಿದರು. ಮಾದರಿ ಗಾತ್ರವನ್ನು ಮುಂಚಿತವಾಗಿ ಲೆಕ್ಕಹಾಕಿದ್ದಾಗಿ ಹೇಳಿದ್ದು ಎರಡೇ ಅಧ್ಯಯನ. ಸಂವೇದನಶೀಲತೆಯ ಲೆಕ್ಕಕ್ಕೆ ಸಿಕ್ಕ ರೋಗಿಗಳ ಮಧ್ಯಕ ಸಂಖ್ಯೆ 49. ಸಂವೇದನಶೀಲತೆ ಶೇ. 80 ಇರುವ ಪರೀಕ್ಷೆಗೆ 49 ರೋಗಿಗಳಿಂದ ಸಿಗುವ ಅಂದಾಜು ಎರಡೂ ಬದಿಗೆ 11 ಅಂಶ ಅಲುಗಾಡುತ್ತದೆ. ಇಂಥ ಅಧ್ಯಯನಗಳ ವರದಿಗೆಂದು ರೂಪಿಸಿ 2015ರಲ್ಲಿ ಪರಿಷ್ಕರಿಸಿದ ‘ಸ್ಟಾರ್ಡ್’ ಪಟ್ಟಿ, ಉದ್ದೇಶಿಸಿದ್ದ ಮಾದರಿ ಗಾತ್ರ ಎಷ್ಟು, ಅದನ್ನು ಹೇಗೆ ನಿರ್ಧರಿಸಲಾಯಿತು ಎಂಬುದನ್ನು ವರದಿಯಲ್ಲೇ ಬರೆಯಬೇಕೆಂದು ಕೇಳುತ್ತದೆ.